ಹಳದಿಯಾಗಿಯೇ ಉಳಿದರೆ ಆಮ್ಲವೇ?

ಇಂದು ತರಗತಿಯಲ್ಲಿ ಅರಿಶಿನದ ಕಾಗದವನ್ನು ಸಾಬೂನು ನೀರಿಗೆ ಅದ್ದಿದಾಗ ಅದು ಕೆಂಗಂದು ಬಣ್ಣಕ್ಕೆ ತಿರುಗಿತು. ನಿಂಬೆರಸದಲ್ಲಿ ಹಳದಿಯಾಗಿಯೇ ಉಳಿಯಿತು. ‘ಹಾಗಾದರೆ ಹಳದಿ ಎಂದರೆ ಆಮ್ಲ’ ಎಂದು ಒಬ್ಬ ವಿದ್ಯಾರ್ಥಿನಿ ಬರೆದುಕೊಂಡಾಗ, ಮತ್ತೊಂದು ಕಾಗದವನ್ನು ಶುದ್ಧ ನೀರಿಗೆ ಅದ್ದುವಂತೆ ಹೇಳಿದೆ. ಅದೂ ಹಳದಿಯೇ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತದೆ. ಆಮ್ಲಕ್ಕೂ ತಟಸ್ಥ ದ್ರಾವಣಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಅಡುಗೆ ಸೋಡಾದಂತಹ ದುರ್ಬಲ ಪ್ರತ್ಯಾಮ್ಲದಲ್ಲಿಯೂ ಅದರ ಬದಲಾವಣೆ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಈ ಕೊರತೆಯನ್ನು ಕೆಂಪು ಎಲೆಕೋಸು ನೀಗಿಸುತ್ತದೆ. ಹೆಚ್ಚಿದ ಎಲೆಗಳನ್ನು ಬಿಸಿನೀರಿನಲ್ಲಿ ಸುಮಾರು 10 ನಿಮಿಷ ನೆನೆಸಿ, ಆರಿದ ಮೇಲೆ ಸೋಸಿದ ನೇರಳೆ ರಸದಲ್ಲಿನ ಆಂಥೋಸಯನಿನ್‌ಗಳು ನಿಂಬೆರಸದಲ್ಲಿ ಕೆಂಪಾಗುತ್ತವೆ, ತಟಸ್ಥ ನೀರಿನಲ್ಲಿ ನೇರಳೆಯಾಗಿಯೇ ಇರುತ್ತವೆ, ಅಡುಗೆ ಸೋಡಾದಲ್ಲಿ ನೀಲಿಗೆ, ವಾಷಿಂಗ್ ಸೋಡಾದಲ್ಲಿ ಹಸಿರಿಗೆ ತಿರುಗುತ್ತವೆ. ನಲ್ಲಿ ನೀರು ಕೆಲವೊಮ್ಮೆ ತುಸು ಪ್ರತ್ಯಾಮ್ಲೀಯವಾಗಿದ್ದು ರಸವನ್ನು ನೀಲಿಯಾಗಿಸುವುದರಿಂದ, ರಸ ತೆಗೆಯಲು ಭಟ್ಟಿ ಇಳಿಸಿದ ನೀರೇ ಉತ್ತಮ.

ಬಿಸಿನೀರಿನ ಕೆಲಸವನ್ನು ನಾನೇ ಮಾಡಿದೆ. ಕಣ್ಣಿಗೆ ರಕ್ಷಣಾ ಕನ್ನಡಕವಿರಬೇಕು, ಯಾವುದನ್ನೂ ರುಚಿ ನೋಡಬಾರದು ಎಂಬ ನಿಯಮಗಳನ್ನು ಮಕ್ಕಳು ಸುಲಭವಾಗಿ ಒಪ್ಪಿದರು. ಆದರೆ ಬ್ಲೀಚ್ ಅನ್ನು ಏಕೆ ಪರೀಕ್ಷಿಸಬಾರದು ಎಂಬ ಪ್ರಶ್ನೆ ಬಂದೇ ಬಂತು, ಬರಬೇಕಾದದ್ದೇ. ಅದು ಸೂಚಕದ ಬಣ್ಣವನ್ನೇ ಅಳಿಸಿಹಾಕುವುದರಿಂದ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಲೋಟದ ವಿನೆಗರ್ ಅದರೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.