ಅಬ್ದುಲ್ ಕರೀಂ ಅವರಿಗೆ ಉತ್ತರ ಹೇಳಬೇಕಾದವರು ಯಾರು?

"ದೊಡ್ಡ ಅನಾಹುತ ತಪ್ಪಿಸಲು ಮುಖ್ಯಮಂತ್ರಿಯೊಬ್ಬರು ತಪ್ಪು ದಾರಿ ಹಿಡಿದರೆ ಅದನ್ನೂ ತಪ್ಪು ಎನ್ನಬೇಕೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?"

ಎನ್ನಲೇಬೇಕು. ಆದರೂ ಅವರ ಜಾಗದಲ್ಲಿ ನಾನಿದ್ದರೆ ಬಹುಶಃ ಅದನ್ನೇ ಮಾಡುತ್ತಿದ್ದೆ. ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು 2000ನೇ ಇಸವಿ.

ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ. ಅವರಿಗೇನಾದರೂ ಆದರೆ ಬೆಂಗಳೂರಿನ ತಮಿಳರ ಗತಿಯೇನು ಎಂಬ ಭಯ ಸುಳ್ಳಾಗಿರಲಿಲ್ಲ. 1991ರ ಕಾವೇರಿ ಗಲಭೆಯನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಯೂ ಇರಲಿಲ್ಲ. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ, ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಮೈಸೂರಿನಲ್ಲಿ ಬಂಧನದಲ್ಲಿದ್ದ 51 ಕೈದಿಗಳ ಬಿಡುಗಡೆಯೂ ಒಂದು. ಎಸ್. ಎಂ. ಕೃಷ್ಣ ಅವರ ಸರ್ಕಾರ ಇದಕ್ಕೆ ಒಪ್ಪಿತು. ಒಬ್ಬ ಮನುಷ್ಯನ ಪ್ರಾಣ, ಬೀದಿಯಲ್ಲಿ ಹರಿಯಬಹುದಾದ ರಕ್ತ, ಇವೆರಡನ್ನೂ ಎದುರಿಗಿಟ್ಟುಕೊಂಡು ಮಾಡಿದ ಆ ತೀರ್ಮಾನವನ್ನು ನಾನು ಹಳಿಯಲಾರೆ.

ನನಗೆ ನೋವಾಗುವುದು ಅದನ್ನು ಜಾರಿಗೆ ತಂದ ರೀತಿಗೆ. ನಮ್ಮ ಕಾನೂನಿನಲ್ಲಿ ಮೊಕದ್ದಮೆ ಹಿಂಪಡೆಯಬೇಕೆಂದು ತೀರ್ಮಾನಿಸುವ ಅಧಿಕಾರ ಸರ್ಕಾರದ್ದಲ್ಲ, ಸರ್ಕಾರಿ ಅಭಿಯೋಜಕರದ್ದು. ಅವರು ಕಡತ ಓದಿ, ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು. ನ್ಯಾಯಾಧೀಶರು ಅದನ್ನು ಪರಿಶೀಲಿಸಿ ಸಮ್ಮತಿಸಬೇಕು. ಗಡಿಭಾಗದ ಶಾಂತಿಗಾಗಿ ಟಾಡಾ ಆರೋಪಗಳನ್ನು ಕೈಬಿಡುತ್ತೇವೆ ಎಂಬ ಅರ್ಜಿ ಬಂತು, ಸಮ್ಮತಿಯೂ ಸಿಕ್ಕಿತು. ಉಳಿದ ಆರೋಪಗಳಲ್ಲಿ ಜಾಮೀನು ಕೊಡಿಸಿದರೆ ಕೆಲಸ ಮುಗಿಯುತ್ತಿತ್ತು. ಮುಖ್ಯಮಂತ್ರಿ ತಾವೇ ಹೊರಬೇಕಾದ ಹೊರೆ ಹೀಗೆ ಒಬ್ಬ ವಕೀಲರ ಸಹಿಯ ಕೆಳಗೆ ಹೋಗಿ ಕುಳಿತಿತು.

ಆ ಬಿಡುಗಡೆಯನ್ನು ತಡೆದವರು ಅಬ್ದುಲ್ ಕರೀಂ. ಅವರ ಮಗ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರಲ್ಲಿ ವೀರಪ್ಪನ್ ತಂಡದ ಹೊಂಚಿಗೆ ಬಲಿಯಾಗಿದ್ದರು. ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಅಭಿಯೋಜಕರು ವಿವೇಚನೆ ಬಳಸಿಲ್ಲ, ನ್ಯಾಯಾಧೀಶರೂ ಬಳಸಿಲ್ಲ ಎಂದು ನವೆಂಬರ್ 7ರಂದು ಕೋರ್ಟು ಆ ಆದೇಶವನ್ನು ರದ್ದುಮಾಡಿತು. ನವೆಂಬರ್ 15ರಂದು, 108 ದಿನಗಳ ಬಳಿಕ, ರಾಜ್‌ಕುಮಾರ್ ಬಿಡುಗಡೆಯಾದರು.

ಹಾಗಾದರೆ ಸರ್ಕಾರ ಸುಮ್ಮನೆ ಹೆದರಿತ್ತೇ? ಫಲ ಕಂಡ ಮೇಲೆ ಹಾಗೆ ಕೇಳುವುದು ಸುಲಭ, ಆಗಸ್ಟಿನಲ್ಲಿ ಆ ಫಲ ಯಾರಿಗೂ ಕಂಡಿರಲಿಲ್ಲ. ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ: ವರ್ಷಗಟ್ಟಲೆ ಜೈಲಿನಲ್ಲಿದ್ದ ಆ ಟಾಡಾ ಪ್ರಕರಣಗಳ ಆರೋಪಿಗಳಲ್ಲಿ ಹೆಚ್ಚಿನವರನ್ನು 2001ರಲ್ಲಿ ವಿಶೇಷ ನ್ಯಾಯಾಲಯವೇ ಖುಲಾಸೆ ಮಾಡಿತು. ಬಂದೂಕಿನ ಬೆದರಿಕೆಗೆ ಬಿಡಲು ಹೊರಟಿದ್ದ ಅವರ ಕಡತಗಳನ್ನು ಅದಕ್ಕೂ ಮೊದಲು ಯಾರಾದರೂ ಮನಸ್ಸಿಟ್ಟು ಓದಿದ್ದರೆ?

ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದಿರಿ. ಬೇಡಿಕೆಗೆ ಒಪ್ಪುತ್ತಿದ್ದೆ. ಆದರೆ ಅಭಿಯೋಜಕರ ಅರ್ಜಿಗೆ ಮೊದಲು ಶಕೀಲ್ ಅಹಮದ್ ಅವರ ಮನೆಗೆ ಹೋಗಿ, "ನಿಮಗೆ ಅನ್ಯಾಯವಾಗುವ ಕೆಲಸವೊಂದನ್ನು ಮಾಡಲು ಹೊರಟಿದ್ದೇನೆ, ಇದು ನನ್ನ ತೀರ್ಮಾನ" ಎಂದು ಆ ತಂದೆಗೆ ಹೇಳುತ್ತಿದ್ದೆ. ಅವರು ಕೋರ್ಟಿಗೆ ಹೋಗುತ್ತೇನೆ ಎಂದಿದ್ದರೆ, ಹೋಗಿ ಎನ್ನುತ್ತಿದ್ದೆ.