ನಾಕ ಕತ್ತಿ ಕೊಟ್ಟಿದ್ರ ಮುಗೀತಿತ್ತಲ್ರೀ?

ಬಾಗಲಕೋಟೆಯಲ್ಲಿ ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಇತಿಹಾಸ ಹೇಳಿಕೊಡುತ್ತೇನೆ. ಮೊನ್ನೆ ಹಲಗಲಿ ಬೇಡರ ಪಾಠ. ಬಹಳ ಜನಕ್ಕೆ ಅದು ಒಂದೇ ಸಾಲಿನ ಉತ್ತರ: ‘ನಿಶ್ಶಸ್ತ್ರೀಕರಣ ಕಾಯ್ದೆ ವಿರುದ್ಧ ದಂಗೆ, 1857.’ ಮುಧೋಳ ಕಡೆಯ ಒಬ್ಬ ಹುಡುಗ ಮಾತ್ರ ಕೈ ಎತ್ತಿದ.

“ಸರ, ನಾಕ ಕತ್ತಿ ಕೊಟ್ಟಿದ್ರ ಮುಗೀತಿತ್ತಲ್ರೀ? ಅಷ್ಟಕ್ಕ ಯಾಕ ಸತ್ತರು?”

ಪ್ರಶ್ನೆ ಒರಟಾಗಿತ್ತು. ಆದರೆ ಕೇಳಬೇಕಾದ್ದೇ ಅದು. ನೋಟ್ಸ್ ಪಕ್ಕಕ್ಕಿಟ್ಟೆ.

“ನಿಮ್ಮ ಮನ್ಯಾಗ ಏನೇನು ಹತ್ಯಾರ ಅದಾವು?” ಅಂತ ಕೇಳಿದೆ. ಕೊಡಲಿ, ಕುಡಗೋಲು, ಕುರ್ಪಿ, ಕಬ್ಬು ಕಡಿಯೋ ಕೊಯ್ತಾ ಅಂತ ಒಬ್ಬೊಬ್ಬರೇ ಹೇಳಿದರು. “ನಾಳೆ ಒಬ್ಬ ಬಂದು ಇವನ್ನ ಚಾವಡಿಗೆ ತಂದು ಕೊಡ್ರಿ ಅಂದ್ರ?” ಅಂದೆ. “ಕಬ್ಬಿನ ಗ್ಯಾಂಗಿನವರು ಏನು ಉಣ್ಣಬೇಕ್ರೀ?” ಅಂದಳು ಹಿಂದಿನ ಬೆಂಚಿನ ಹುಡುಗಿ. ನನಗೆ ಬೇಕಾಗಿದ್ದು ಅದೇ ಮಾತು.

ಕಾಯ್ದೆ ಕೇಳಿದ್ದು ಕುರ್ಪಿಯನ್ನಲ್ಲ, ಬಂದೂಕು, ಕತ್ತಿ, ಈಟಿಗಳನ್ನು. ಪರವಾನಗಿ ಇಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ. ಉಳಿದವರಿಗೆ ಗೋಡೆಗೆ ತೂಗುಹಾಕುವ ಸಾಮಾನು ಅದು, ಬೇಡರಿಗೆ ದುಡಿಮೆಯ ಸಾಮಾನು. ಬೇಟೆ ಅವರ ಕಸುಬು. ಪೇಶ್ವೆ, ದೇಸಾಯಿಗಳ ಕಾಲದಲ್ಲಿ ಕಾವಲು, ದಂಡಿನ ಕೆಲಸವೂ ಸಿಗುತ್ತಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ದಂಡಿನ ಕೆಲಸ ಕರಗುತ್ತಾ ಬಂತು. ಉಳಿದಿದ್ದು ಬೇಟೆ. ಈಗ ಅದಕ್ಕೂ ಕುತ್ತು ಬಂತು. ಹಾಗಾಗಿ ‘ಆಯುಧ ಬೇಡರ ಮಾನ’ ಅಂತ ಬರೆದು ಮುಗಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಮಾನವೂ ಹೌದು, ಆದರೆ ಮೊದಲು ಹೊಟ್ಟೆ.

ಇನ್ನೊಂದು ತೊಡಕು ಇತ್ತು. ಹಲಗಲಿ ನೇರವಾಗಿ ಕಂಪನಿಯ ಊರಲ್ಲ, ಮುಧೋಳದ ಘೋರ್ಪಡೆ ಸಂಸ್ಥಾನದ್ದು. ಆಯುಧ ಒಪ್ಪಿಸಿ ಅನ್ನುವ ಅಪ್ಪಣೆ ತಮ್ಮದೇ ರಾಜರ ಕಚೇರಿಯಿಂದ ಬಂತು. ದೂರು ಒಯ್ಯುವುದಾದರೂ ಯಾರ ಹತ್ತಿರ? ಜಡಗ, ಬಾಲ, ಹನುಮ, ರಾಮ ಮುಂದಾಳುಗಳಾಗಿ ಕೊಡೋದಿಲ್ಲ ಅಂತ ಊರು ನಿಂತಿತು. ಸುತ್ತಲಿನ ಊರುಗಳ ಬೇಡರೂ ಬಂದು ಸೇರಿದರು.

“ಇಷ್ಟು ಸಣ್ಣ ಊರಿಗೆ ಫೌಜು ಯಾಕ ಕಳಿಸಿದ್ರು ಸರ?” ಅದೇ ಹುಡುಗ ಬಿಡಲಿಲ್ಲ.

ಇಸವಿ ನೋಡು ಅಂದೆ. 1857ರ ಜುಲೈ ಕೊನೆಯಲ್ಲಿ ಕೊಲ್ಹಾಪುರದಲ್ಲಿ ಕಂಪನಿಯ ಸಿಪಾಯಿಗಳೇ ತಿರುಗಿಬಿದ್ದಿದ್ದರು. ಉತ್ತರದಲ್ಲಿ ಕಾಳಗ ಇನ್ನೂ ನಡೆದೇ ಇತ್ತು. ಇಂಥ ಹೊತ್ತಿನಲ್ಲಿ ಒಂದು ಊರಿಗೆ ‘ಇಲ್ಲ’ ಅನ್ನಲು ಬಿಟ್ಟರೆ ಪಕ್ಕದ ಹತ್ತು ಊರು ಕಲಿಯುತ್ತವೆ ಅನ್ನೋ ಹೆದರಿಕೆ ಅಧಿಕಾರಿಗಳದ್ದು.

ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ಕೈಕೆಳಗೆ ಕುದುರೆ ದಂಡು ಬಂತು. ಕಲಾದಗಿಯಲ್ಲಿ ದಂಡಿನ ಠಾಣ್ಯ ಇದ್ದದ್ದರಿಂದ ದೂರವೇನೂ ಆಗಲಿಲ್ಲ. ಬೇಡರು ಮನೆಗಳ ಒಳಗಿಂದಲೇ ಗುಂಡು ಹಾರಿಸಿದರು. ಓಣಿಯಲ್ಲಿ ಒಬ್ಬೊಬ್ಬರನ್ನೇ ಎದುರಿಸುವುದು ದಂಡಿಗೆ ಕಷ್ಟ. ಆಗ ಊರಿಗೇ ಬೆಂಕಿ ಹಚ್ಚಿದರು. ಸುಮಾರು ನೂರು ಜನ ಸತ್ತರು, 290 ಜನ ಸೆರೆಯಾದರು.

ಆಮೇಲಿನದ್ದನ್ನು ನಿಧಾನವಾಗಿ ಹೇಳಿದೆ. ಯಾಕಂದರೆ ಕಾಳಗ ಮುಗಿದ ಮೇಲೆ ನಡೆದದ್ದೇ ನಿಜವಾದ ದಮನ. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನರನ್ನು ಗಲ್ಲಿಗೇರಿಸಿದರು. ಮೂರು ದಿನ ಬಿಟ್ಟು ಇನ್ನೂ ಆರು ಜನರನ್ನು ಹಲಗಲಿಗೇ ತಂದು, ಅವರ ಊರಲ್ಲೇ ನೇಣಿಗೆ ಹಾಕಿದರು. ಎಲ್ಲರನ್ನೂ ಒಂದೇ ಕಡೆ ಮುಗಿಸಬಹುದಿತ್ತು, ಅಲ್ವಾ? ಮುಧೋಳದ್ದು ಸಂಸ್ಥಾನದ ಜನ ನೋಡಲಿ ಅಂತ, ಹಲಗಲಿಯದ್ದು ಮನೆಯವರು ನೋಡಲಿ ಅಂತ. ಇದು ನನ್ನ ಊಹೆ. ಆದರೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

“ಮತ್ತ ರಾಯಣ್ಣನಂಗ ಅಡವಿ ಸೇರಬೇಕಿತ್ತಲ್ರೀ,” ಅಂದ ಇನ್ನೊಬ್ಬ.

ಸಂಗೊಳ್ಳಿ ರಾಯಣ್ಣನ ಹಿಂದೆ ಖಾನಾಪುರ ಸೀಮೆಯ ದಟ್ಟ ಕಾಡಿತ್ತು. ಅವನ ಜನ ಇವತ್ತು ಇಲ್ಲಿ ಕಚೇರಿ ಸುಟ್ಟರೆ ನಾಳೆ ಇನ್ನೆಲ್ಲೋ ಇರುತ್ತಿದ್ದರು. ಜಮೀನು ಕಳೆದುಕೊಂಡ, ಕಂದಾಯಕ್ಕೆ ಬೇಸತ್ತ ರೈತರು ಕಾಳು ಕಡಿ ಕೊಟ್ಟು ಸಾಕಿದರು. ಹಲಗಲಿಯವರದ್ದು ಹೆಂಡತಿ, ಮಕ್ಕಳು, ದನಕರು ಸಮೇತ ನಿಂತ ಊರು. ಓಡಿದರೂ ಇಲ್ಲಿ ಕುರುಚಲು ಗುಡ್ಡವೇ ಹೊರತು ಮೈ ಮರೆಸುವ ಕಾಡಿಲ್ಲ. ಇಷ್ಟೆಲ್ಲ ಇದ್ದ ರಾಯಣ್ಣನೂ ಕಡೆಗೆ ನಮ್ಮವರದೇ ಮೋಸದಿಂದ ಸಿಕ್ಕಿಬಿದ್ದ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಹುಡುಗ ಸ್ವಲ್ಪ ಹೊತ್ತು ಬರೆದುಕೊಂಡ. ಆಮೇಲೆ, “ಹಂಗಂದ್ರ ಕಾರಣದಾಗ ಕಾಯ್ದೆ ಅಂತಷ್ಟ ಬರದ್ರ ಮಾರ್ಕ್ಸ್ ಕೊಡ್ತಾರ್ರೀ?” ಅಂತ ಕೇಳಿದ. ಕೊಡ್ತಾರೆ ಅಂದೆ. “ಬ್ಯಾಟಿ ಅನ್ನೋದೂ ಬರೀತೀನಿ ಬಿಡ್ರಿ,” ಅಂದ.