ಐದು ಮನೆ, ನಲವತ್ತು ಬಾಕ್ಸ್

ಕೋಲಾರದಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಬಾಕ್ಸ್ ಅಂದರೆ 15 ಕೆ.ಜಿ. ಎಂಬುದು ಎಲ್ಲರ ಬಾಯಲ್ಲಿರುವ ಮಾತು. ನಾನು ಎರಡನೇ ವರ್ಷದ ಬಿ.ಎಸ್ಸಿ. ತರಗತಿಯಲ್ಲಿ ಬಲ್ಬುಗಳ ಆಯಸ್ಸಿನ ಹಳೇ ಲೆಕ್ಕ ಹಿಡಿದು ಒಂದು ಊಹೆಯನ್ನು ಅಂಕಿಗಳಿಂದ ಒರೆಗೆ ಹಚ್ಚುವ ಪ್ರಾಕಲ್ಪನಾ ಪರೀಕ್ಷೆ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿ ತಡೆದಳು. "ನಮ್ಮಪ್ಪ ಬಾಕ್ಸ್ ತುಂಬೋದು ಕಣ್ಣಳತೆಯಲ್ಲಿ ಮೇಡಂ. ಹೆಚ್ಚೇ ಹೋಗುತ್ತೆ ಅಂತ ಅಮ್ಮ ದಿನಾ ಬೈತಾರೆ. ಅದನ್ನ ಹೀಗೆ ಪರೀಕ್ಷೆ ಮಾಡಬಹುದಾ?"

ಬಲ್ಬು ಅಲ್ಲಿಗೇ ಆರಿತು.

ತೂಕ ಹಾಕುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಶೂನ್ಯ ಪ್ರಾಕಲ್ಪನೆ, ಅಂದರೆ ಅಂಕಿಗಳು ಅಲ್ಲಗಳೆಯುವವರೆಗೆ ನಿಜವೆಂದು ಹಿಡಿಯುವ ಮಾತು: ಸರಾಸರಿ 15 ಕೆ.ಜಿ. ಅದರ ಎದುರಿಗೆ ನಿಲ್ಲುವುದು: 15ಕ್ಕಿಂತ ಹೆಚ್ಚು. ಅಂಕಿ ಕೈಗೆ ಬಂದ ಮೇಲೆ ದಿಕ್ಕು ಆರಿಸಿದರೆ ಅದು ಆಟ ಮುಗಿದ ಮೇಲೆ ಪಣ ಕಟ್ಟಿದ ಹಾಗೆ. ಟೊಮೆಟೊ ಬೆಳೆಯುವ ಐದು ವಿದ್ಯಾರ್ಥಿಗಳ ಮನೆಯಲ್ಲಿ, ಮನೆಗೆ ಎಂಟರಂತೆ, 40 ಬಾಕ್ಸ್ ತೂಗಬೇಕು ಎಂದಾಯಿತು. ಖಾಲಿ ಬಾಕ್ಸಿನ ತೂಕ ಕಳೆಯಬೇಕಲ್ಲ, ಎಲ್ಲಕ್ಕೂ ಒಂದೇ ಅಂಕಿ ಕಳೆದರಾಯಿತು ಎಂದುಕೊಂಡಿದ್ದೆ. ಹಳೇ ಬಾಕ್ಸಿನ ತಳದಲ್ಲಿ ಒಣಗಿದ ಮಣ್ಣು ಮೆತ್ತಿರುತ್ತೆ ಎಂದು ಹುಡುಗರೇ ತಿದ್ದಿದರು. ಪ್ರತಿ ಬಾಕ್ಸನ್ನೂ ತುಂಬುವ ಮೊದಲು ಒಮ್ಮೆ, ತುಂಬಿದ ಮೇಲೆ ಒಮ್ಮೆ ತೂಗಿದರು.

ಸೋಮವಾರ ಅಂಕಿಗಳು ಬಂದವು. 40 ಬಾಕ್ಸಿನ ಸರಾಸರಿ 15.38 ಕೆ.ಜಿ., ಬಾಕ್ಸಿನಿಂದ ಬಾಕ್ಸಿಗೆ ತೂಕ ಎಷ್ಟು ಚದುರಿದೆ ಎಂದು ಹೇಳುವ ಮಾನಕ ವಿಚಲನೆ 0.49. ಅದನ್ನು 40ರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿ ಎಷ್ಟು ಅತ್ತಿತ್ತ ಆಗಬಹುದೆಂದು ಹೇಳುವ ಮಾನಕ ದೋಷ 0.077. ಹೆಚ್ಚುವರಿ 0.38 ಕೆ.ಜಿ.ಯನ್ನು ಇದರಿಂದ ಭಾಗಿಸಿದಾಗ ಟಿ ಬೆಲೆ ಸುಮಾರು 4.9. ತಿರಸ್ಕರಿಸಲು ಶೇ. 5ರ ಮಟ್ಟದಲ್ಲಿ ಕೋಷ್ಟಕ ಕೇಳುವುದು ಬರೀ 1.685. "ಶೂನ್ಯ ಪ್ರಾಕಲ್ಪನೆ ತಿರಸ್ಕೃತ" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ, ಕೆಳಗೆ ಎರಡು ಗೆರೆ ಬೇರೆ ಎಳೆದೆ. ಆ ಗೆರೆಗಳು ನೆನಪಾದರೆ ಈಗಲೂ ನಾಚಿಕೆ.

ಸಮಯ ಉಳಿದಿತ್ತು. ಅಂಕಿಗಳನ್ನು ಚುಕ್ಕಿಗಳಾಗಿ ಹಾಕಿ, ಮನೆಗೊಂದು ಸಾಲು ಎಂದೆ. ಹಾಕಿದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಮೂರನೇ ಮನೆಯ ಚುಕ್ಕಿಗಳೆಲ್ಲ 14.8ರ ಸುತ್ತ, ನಾಲ್ಕನೆಯದರವು 15.9ರ ಸುತ್ತ. ಒಂದರ ಚುಕ್ಕಿ ಇನ್ನೊಂದರ ಹತ್ತಿರವೂ ಸುಳಿದಿಲ್ಲ. ಉಳಿದ ಮೂರು ಮನೆಗಳ ಸರಾಸರಿ 15.1, 15.7, 15.4. ಮನೆ ಯಾವುದೆಂದು ತಿಳಿದರೆ ಮುಂದಿನ ಬಾಕ್ಸಿನ ತೂಕವನ್ನು ತೂಗದೆಯೇ ಹೆಚ್ಚುಕಡಿಮೆ ಹೇಳಬಹುದಿತ್ತು.

"ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ ಮೇಡಂ? ನಾವು ಐದು ಪಾತ್ರೆಯಿಂದ ಎಂಟೆಂಟು ಅಗುಳು ಹಿಸುಕಿ, ನಲವತ್ತು ಪಾತ್ರೆ ನೋಡಿದ್ವಿ ಅಂತ ಬರ್ಕೊಂಡಿದ್ದೀವಿ" ಎಂದ ಒಬ್ಬ.

ಅದೇ ತಪ್ಪು. ಟಿ ಪರೀಕ್ಷೆಯ ಸೂತ್ರ ಅಂಕಿಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ನಂಬಿಕೊಂಡೇ 40ರ ವರ್ಗಮೂಲ ಕೇಳುತ್ತದೆ. ಇಲ್ಲಿ ಒಂದು ಮನೆಯ ಎಂಟು ಬಾಕ್ಸನ್ನೂ ತುಂಬಿದ ಕೈ ಒಂದೇ, ಕಣ್ಣಳತೆಯೂ ಒಂದೇ. ನಮ್ಮ ಪ್ರಶ್ನೆ ಈ ಕಡೆಯ ರೈತರ ಬಾಕ್ಸಿನ ಬಗ್ಗೆ ಇತ್ತು, ಹಾಗಾಗಿ ನಿಜವಾದ ಎಣಿಕೆ 40 ಅಲ್ಲ, 5. ಪಾಠ ಮಾಡುವ ನನಗೇ ಇದು ಹೊಳೆಯಲಿಲ್ಲ. ಪುಸ್ತಕದ ಬಲ್ಬುಗಳಿಗೆ ಮನೆ ಇರುವುದಿಲ್ಲ ನೋಡಿ.

ಐದು ಮನೆಗಳ ಸರಾಸರಿಗಳನ್ನಷ್ಟೇ ಐದು ಅಂಕಿಗಳೆಂದು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆವು. ಒಟ್ಟು ಸರಾಸರಿ ಅದೇ 15.38. ಮಾನಕ ವಿಚಲನೆ 0.44, ಅದನ್ನು 5ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.2ರಷ್ಟು. ಟಿ ಬೆಲೆ 1.91ಕ್ಕೆ ಇಳಿಯಿತು. ಸ್ವಾತಂತ್ರ್ಯದ ಅಂಶ, ಅಂದರೆ ಎಣಿಕೆಗಿಂತ ಒಂದು ಕಡಿಮೆ, ನಾಲ್ಕೇ ಆದ್ದರಿಂದ ಕೋಷ್ಟಕ ಈಗ 2.132 ಕೇಳುತ್ತಿತ್ತು. ಬೋರ್ಡ್ ಒರೆಸಿದೆ.

"ಹಾಗಾದ್ರೆ ಸರಿಯಾಗಿ ಹದಿನೈದೇ ಅಂತಾನಾ?" ಎಂದು ಆ ಹುಡುಗಿ ಕೇಳಿದಳು. ಅಲ್ಲ. ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಶೇ. 95ರ ವಿಶ್ವಾಸಾಂತರ ಹಾಕಿದಾಗ 14.83ರಿಂದ 15.93ರವರೆಗೆ ಬಂತು. ಸರಾಸರಿ ಬಾಕ್ಸ್ 170 ಗ್ರಾಂ ಕಡಿಮೆಯೂ ಇರಬಹುದು, ಹತ್ತಿರ ಹತ್ತಿರ ಒಂದು ಕೆ.ಜಿ. ಹೆಚ್ಚೂ ಇರಬಹುದು. ತಿರಸ್ಕರಿಸಲು ಆಗಲಿಲ್ಲ ಅಂದರೆ ನಮ್ಮ ಬಳಿ ಸಾಕಷ್ಟು ಮನೆಗಳಿಲ್ಲ ಅಂತ, ಅಷ್ಟೇ. ಜೊತೆಗೆ ಆ ಐದು ಮನೆಗಳೂ ಚೀಟಿ ಎತ್ತಿ ಬಂದವಲ್ಲ, ನಮ್ಮ ತರಗತಿಯ ಮಕ್ಕಳ ಮನೆಗಳು.

ಇಪ್ಪತ್ತು ಮನೆಯಲ್ಲಿ ಎರಡೆರಡೇ ಬಾಕ್ಸ್ ತೂಗಿದ್ದರೆ? ತೂಗುವ ಕೆಲಸ ಅಷ್ಟೇ, ಅದೇ 40 ಬಾಕ್ಸ್. ಮನೆಮನೆಗಳ ಅಂತರ ಹೀಗೇ ಇದ್ದರೆ ಮಾನಕ ದೋಷ 0.11ರ ಸುಮಾರಿಗೆ, ಅಂದರೆ ಅರ್ಧಕ್ಕೆ, ಇಳಿಯುತ್ತಿತ್ತು. ಅಂದೇ ಪಟ್ಟಿ ಮಾಡಲು ಕೂತರು. ಮೂರನೇ ಮನೆಯ ಹುಡುಗ ಮಾತ್ರ ಪಕ್ಕಕ್ಕೆ ಬಂದು, "ಯಾರ ಮನೆ ಅಂತ ಎಲ್ಲೂ ಬರೀಬೇಡಿ ಮೇಡಂ" ಎಂದು ಕೇಳಿಕೊಂಡ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಫೋನಿನಲ್ಲಿದ್ದಳು. 15.7 ಅವರ ಮನೆಯ ಸರಾಸರಿ. ಎಂಟು ಬಾಕ್ಸಿನಲ್ಲಿ ಒಂದೂ 15ಕ್ಕಿಂತ ಕೆಳಗಿರಲಿಲ್ಲ. ಆ ಕಡೆ ಅಪ್ಪ ಏನು ಕೇಳಿದರೋ, ಇವಳು ಹೇಳುತ್ತಿದ್ದಳು: "ನಮ್ಮನೇದು ಹೆಚ್ಚು ಹೋಗ್ತಿದೆ ಅಪ್ಪ. ಊರೋರದು ಇನ್ನೂ ಗೊತ್ತಿಲ್ಲ."